ಪಹಣಿಯ ಗುಂಟೆ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಪಹಣಿಯಲ್ಲಿ ಎಕರೆ ಮತ್ತು ಗುಂಟೆಯ ನಡುವೆ ಇರುವ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಗುಂಟೆ ಲೆಕ್ಕದಲ್ಲಿ ಜನ ದುಡ್ಡು ಕಳೆದುಕೊಳ್ಳುವುದು, ಅಣ್ಣತಮ್ಮಂದಿರು ಜಗಳವಾಡುವುದು ಬಹುಪಾಲು ಈ ಒಂದು ಚುಕ್ಕೆಯಿಂದಲೇ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದು ಗುಂಟೆ ಎಂದರೆ ಎಷ್ಟು ಜಾಗ?

ಉದ್ದ 33 ಅಡಿ, ಅಗಲ 33 ಅಡಿ ಇರುವ ಚೌಕ ಒಂದು ಗುಂಟೆ. ಅಂದರೆ 1089 ಚದರ ಅಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ, ಅದು 43,560 ಚದರ ಅಡಿ. ಚದರ ಮೀಟರ್‌ನಲ್ಲಿ ಹೇಳುವುದಾದರೆ ಗುಂಟೆಗೆ 101.17, ಎಕರೆಗೆ ಸುಮಾರು 4047. ತೆಲಂಗಾಣದ ಕಡೆಯವರ ಜೊತೆ ವ್ಯವಹಾರ ಇದ್ದರೆ ಅವರು ಚದರ ಗಜದಲ್ಲಿ ಮಾತಾಡುತ್ತಾರೆ. ಅಲ್ಲೂ ಗುಂಟೆ ಇದೇ ಗುಂಟೆ, 121 ಚದರ ಗಜ.

ಗುಂಟೆಗಿಂತ ಚಿಕ್ಕದು ಆಣೆ. 16 ಆಣೆಗೆ ಒಂದು ಗುಂಟೆ. ಒಂದು ಆಣೆ ಜಾಗ 68 ಚದರ ಅಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಹೊಲದ ಲೆಕ್ಕದಲ್ಲಿ ಇದು ದೊಡ್ಡದೆನಿಸುವುದಿಲ್ಲ. ಆದರೆ ಊರಿಗೆ ಅಂಟಿಕೊಂಡ ಜಮೀನಿನಲ್ಲಿ ಎಂಟು ಆಣೆ ಹೋದರೆ ಒಂದು ದೊಡ್ಡ ಕೋಣೆ ಕಟ್ಟುವಷ್ಟು ಜಾಗ ಹೋದಂತೆ.

33 ಅಡಿ ಎಂಬ ಈ ವಿಚಿತ್ರ ಅಂಕಿ ಎಲ್ಲಿಂದ ಬಂತು?

ಅಳತೆಯ ಸರಪಳಿಯಿಂದ. ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ರೂಢಿಗೆ ತಂದ ಸರಪಳಿಯ ಉದ್ದ 66 ಅಡಿ. ಹತ್ತು ಚದರ ಸರಪಳಿ ಸೇರಿದರೆ ಸರಿಯಾಗಿ ಒಂದು ಎಕರೆ. ಮುಂಬಯಿ ಪ್ರಾಂತ್ಯದ ಕಂದಾಯ ಸರ್ವೆಯಲ್ಲಿ ಅದರ ಅರ್ಧ, ಅಂದರೆ 33 ಅಡಿಯ ಸರಪಳಿ ಬಳಕೆಗೆ ಬಂತು. ಮೈಸೂರು ಸೀಮೆಯಲ್ಲಿ 1863ರಲ್ಲಿ ಕಂದಾಯ ಸರ್ವೆ ಶುರುವಾದಾಗ ಹಿಡಿದದ್ದೂ ಮುಂಬಯಿ ಪದ್ಧತಿಯನ್ನೇ.

ಆ 33 ಅಡಿಯ ಸರಪಳಿಯನ್ನು, ಆಗಿನ ರೂಪಾಯಿಯಂತೆ, 16 ಆಣೆಗಳಾಗಿ ಭಾಗ ಮಾಡಿದ್ದರು. ಉದ್ದದ ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಇಂಚು. ಇದರಲ್ಲಿ ಒಂದು ಜಾಣತನ ಇದೆ: ಸರಪಳಿ ಉದ್ದ, ಸರಪಳಿ ಅಗಲ ಇದ್ದರೆ ಒಂದು ಗುಂಟೆ, ಸರಪಳಿ ಉದ್ದ, ಆಣೆ ಅಗಲ ಇದ್ದರೆ ಒಂದು ಆಣೆ ಜಾಗ. ಹೊಲದಲ್ಲಿ ನಿಂತ ಅಳತೆಗಾರ ಅಡಿಗಳ ಗುಣಾಕಾರಕ್ಕೆ ಹೋಗದೆ ಸರಪಳಿ ಎಣಿಸಿಯೇ ವಿಸ್ತೀರ್ಣ ಹೇಳಬಹುದಿತ್ತು. ಹಳೆಯ ಸರ್ವೆ ಟಿಪ್ಪಣಿಗಳಲ್ಲಿ ಗಡಿಯ ಉದ್ದ ಸರಪಳಿ ಮತ್ತು ಆಣೆಯಲ್ಲಿ ಇರುತ್ತದೆ. ಅದನ್ನು ಅಡಿ ಎಂದುಕೊಂಡು ಟೇಪು ಹಿಡಿದರೆ ಯಾವ ಗಡಿಯೂ ಕೂಡಿಬರುವುದಿಲ್ಲ. ಟಿಪ್ಪಣಿಯ ಪ್ರತಿ ಕೈಗೆ ಸಿಕ್ಕಾಗ ಮೊದಲು ನೋಡಬೇಕಾದದ್ದು ಅಂಕಿಗಳು ಯಾವ ಅಳತೆಯವು ಎನ್ನುವುದನ್ನೇ.

ನಮ್ಮ ಪಹಣಿಯಲ್ಲಿ 3.10 ಎಂದಿದೆ. ಎಕರೆಗೆ 20 ಲಕ್ಷ ಮಾತಾಯಿತು. ಒಟ್ಟು 62 ಲಕ್ಷ ಸರಿಯೇ?

ಸರಿಯಲ್ಲ. ನಿಮಗೆ ಬರಬೇಕಾದದ್ದು 65 ಲಕ್ಷ.

ಪಹಣಿಯ 3.10 ಎಂದರೆ ಮೂರು ಎಕರೆ ಹತ್ತು ಗುಂಟೆ. ಹತ್ತು ಗುಂಟೆ ಎಂದರೆ ಎಕರೆಯ ಹತ್ತನೇ ಒಂದು ಭಾಗವಲ್ಲ, ಕಾಲು ಭಾಗ. ಹಾಗಾಗಿ ಕ್ಯಾಲ್ಕುಲೇಟರಿಗೆ ಕೊಡಬೇಕಾದ ಅಂಕಿ 3.10 ಅಲ್ಲ, 3.25. ಮೊಬೈಲಿನಲ್ಲಿ 3.10 ಒತ್ತಿ 20 ಲಕ್ಷದಿಂದ ಗುಣಿಸಿದರೆ ಮೂರು ಲಕ್ಷ ಹೋಯಿತು. ಗುಂಟೆ ಹೆಚ್ಚಾದಷ್ಟೂ ಹೊಡೆತ ದೊಡ್ಡದು. 2.38 ಎಂದಿರುವ ಜಮೀನು ಹೆಚ್ಚುಕಮ್ಮಿ ಮೂರು ಎಕರೆಯೇ, ಎರಡು ಗುಂಟೆ ಮಾತ್ರ ಕಡಿಮೆ. ಚುಕ್ಕೆಯನ್ನು ನಂಬಿ ಲೆಕ್ಕ ಹಾಕಿದರೆ ಅದೇ ದರಕ್ಕೆ 59 ಲಕ್ಷದ ಬದಲು 47 ಲಕ್ಷದ 60 ಸಾವಿರ ಕೈಗೆ ಬರುತ್ತದೆ.

ಬೇರೆ ಕೆಲಸದಲ್ಲಿದ್ದು ಊರಿನ ಜಮೀನು ಮಾರುವ ಮಕ್ಕಳಿಂದ ಈ ತಪ್ಪು ಹೆಚ್ಚಾಗಿ ಆಗುತ್ತದೆ. ಊರಿನ ಹಿರಿಯರು "ಮೂರೂಕಾಲು ಎಕರೆ" ಎಂದೇ ಹೇಳುತ್ತಾರೆ, ಅವರಿಗೆ ಗೊಂದಲವಿಲ್ಲ. "ತ್ರೀ ಪಾಯಿಂಟ್ ಟೆನ್" ಎಂದು ಓದಲು ಶುರುಮಾಡಿದ ಮೇಲೆಯೇ ತೊಂದರೆ. ಕರಾರು ಪತ್ರದಲ್ಲಿ ಚುಕ್ಕೆ ಇಟ್ಟ ಅಂಕಿ ಒಂದನ್ನೇ ಬರೆಯಲು ಬಿಡಬೇಡಿ. "3 ಎಕರೆ 10 ಗುಂಟೆ" ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ.

ಪಹಣಿಯ ಪ್ರತಿಯಲ್ಲಿ 3.10ರ ಮುಂದೆ ಇನ್ನೂ ಚುಕ್ಕೆ, ಸೊನ್ನೆಗಳು ಇರುತ್ತವೆ. ಗುಂಟೆಯ ಬಲಕ್ಕೆ ಬರುವ ಅಂಕಿ ಆಣೆ. 3.10.08 ಎಂದರೆ ಮೂರು ಎಕರೆ ಹತ್ತೂವರೆ ಗುಂಟೆ.

ಕೂಡಿಸುವಾಗ, ಕಳೆಯುವಾಗ ಏನು ಮಾಡಬೇಕು?

ಎಲ್ಲವನ್ನೂ ಮೊದಲು ಗುಂಟೆಗೆ ಇಳಿಸಿ. ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಸೇರಿಸಿದರೆ ಆಯಿತು. ಲೆಕ್ಕ ಮುಗಿದ ಮೇಲೆ 40ರಿಂದ ಭಾಗಿಸಿ ಮತ್ತೆ ಎಕರೆ ಮಾಡಿಕೊಳ್ಳಿ.

3 ಎಕರೆ 5 ಗುಂಟೆಯಲ್ಲಿ 1 ಎಕರೆ 18 ಗುಂಟೆ ಮಾರಿದ್ದೀರಿ ಎನ್ನಿ. 125 ಗುಂಟೆಯಲ್ಲಿ 58 ಹೋದರೆ 67 ಗುಂಟೆ, ಅಂದರೆ ಉಳಿದದ್ದು 1 ಎಕರೆ 27 ಗುಂಟೆ. ಚುಕ್ಕೆ ಇಟ್ಟುಕೊಂಡು ಕಳೆದವರಿಗೆ 1.87 ಬರುತ್ತದೆ. ಇಂಥ ಉತ್ತರ ತಾನೇ ತಪ್ಪನ್ನು ತೋರಿಸಿಕೊಡುತ್ತದೆ, ಏಕೆಂದರೆ ಗುಂಟೆಯ ಜಾಗದಲ್ಲಿ 39ಕ್ಕಿಂತ ದೊಡ್ಡ ಅಂಕಿ ಬರಲು ಸಾಧ್ಯವೇ ಇಲ್ಲ. ಯಾರಾದರೂ ಕೊಟ್ಟ ಲೆಕ್ಕದ ಚೀಟಿಯಲ್ಲಿ 1.55, 2.70 ಎಂದೆಲ್ಲ ಕಂಡರೆ, ಅದು ಗುಂಟೆ ರೂಢಿಯಲ್ಲಿರುವ ಜಿಲ್ಲೆಯದಾಗಿದ್ದರೆ, ಎಲ್ಲೋ ದಶಮಾಂಶ ಮಾಡಿದ್ದಾರೆಂದು ತಿಳಿಯಿರಿ. ಕಷ್ಟ ಇರುವುದು ಉತ್ತರ ಅಕಸ್ಮಾತ್ 39ರ ಒಳಗೆ ಬಿದ್ದಾಗ. ಆಗ ನೋಡಿದ ಮಾತ್ರಕ್ಕೆ ತಪ್ಪು ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಹೇಗೆ?

ಸ್ಪ್ರೆಡ್‌ಶೀಟಿನಲ್ಲಿ ಎಕರೆ, ಗುಂಟೆ, ಆಣೆಗೆ ಬೇರೆ ಬೇರೆ ಮೂರು ಕಾಲಂ ಇಡಿ. ಮೊದಲ ಕಾಲಂನಲ್ಲಿ ಎಕರೆ, ಎರಡನೆಯದರಲ್ಲಿ ಗುಂಟೆ, ಮೂರನೆಯದರಲ್ಲಿ ಆಣೆ ಇದ್ದರೆ ಚದರ ಅಡಿ ಹೀಗೆ ಬರುತ್ತದೆ:

```
=(A2*40+B2+C2/16)*1089
```

ಚದರ ಮೀಟರ್ ಬೇಕಾದರೆ 1089ರ ಜಾಗದಲ್ಲಿ 101.1714 ಹಾಕಿ. ಒಂದೇ ಕಾಲಂನಲ್ಲಿ 3.10 ಎಂದು ಬರೆಯಲೇಬೇಡಿ. ಶೀಟು ಕೊನೆಯ ಸೊನ್ನೆಯನ್ನು ನುಂಗಿ 3.1 ಎಂದು ತೋರಿಸುತ್ತದೆ. ಆಮೇಲೆ ಅದು ಹತ್ತು ಗುಂಟೆಯೋ ಒಂದು ಗುಂಟೆಯೋ ಎಂದು ಹೇಳಲು ಮೂಲ ಪಹಣಿಯನ್ನೇ ಮತ್ತೆ ತೆಗೆಯಬೇಕು.

ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಒಂದು, ಖರಾಬು ಕಳೆದು ಉಳಿದದ್ದು ಇನ್ನೊಂದು. ಮೂವರು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಯಾವುದನ್ನು ಹಿಡಿಯಬೇಕು?

ಒಂದು ಪಹಣಿಯನ್ನು ಎದುರಿಗಿಟ್ಟುಕೊಂಡೇ ನೋಡೋಣ. ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ 3-12-08, ಅಂದರೆ ಮೂರು ಎಕರೆ ಹನ್ನೆರಡೂವರೆ ಗುಂಟೆ ಎಂದಿದೆ. ಅದರ ಕೆಳಗೆ ಫೂಟ್ ಖರಾಬು 'ಅ' ನಾಲ್ಕು ಗುಂಟೆ, ಫೂಟ್ ಖರಾಬು 'ಬ' ಮೂರೂವರೆ ಗುಂಟೆ. ಎರಡೂ ಸೇರಿ ಏಳೂವರೆ ಗುಂಟೆ ಕಳೆದರೆ ಉಳಿದದ್ದು 3-05-00.

'ಅ' ಮತ್ತು 'ಬ' ಖರಾಬಿಗೆ ಅಜಗಜಾಂತರ ವ್ಯತ್ಯಾಸವಿದೆ. 1966ರ ಕರ್ನಾಟಕ ಭೂ ಕಂದಾಯ ನಿಯಮಗಳ 21ನೇ ನಿಯಮ ಇದನ್ನು ಬಿಡಿಸಿ ಹೇಳುತ್ತದೆ. 'ಅ' ಖರಾಬು ಎಂದರೆ ಸರ್ವೆ ಮಾಡಿದಾಗ ಬೇಸಾಯಕ್ಕೆ ಬರುವುದಿಲ್ಲವೆಂದು ಬಿಟ್ಟ ಜಾಗ: ಬಂಡೆ ಇರಬಹುದು, ಹಿಡುವಳಿದಾರನ ಕೊಟ್ಟಿಗೆ ಅಥವಾ ಕಣ ಇರಬಹುದು. ಅದಕ್ಕೆ ಕಂದಾಯ ಇಲ್ಲ, ಆದರೆ ಜಾಗ ಹಿಡುವಳಿದಾರನ ಜಮೀನಿನ ಭಾಗವೇ. 'ಬ' ಖರಾಬು ಎಂದರೆ ದಾರಿ, ಕಾಲುದಾರಿ, ಹಳ್ಳ, ಕೆರೆ, ಸ್ಮಶಾನದಂಥ ಸಾರ್ವಜನಿಕ ಉಪಯೋಗದ ಜಾಗ. ಅದು ನಿಮ್ಮ ಸರ್ವೆ ನಂಬರಿನ ಗೆರೆಯೊಳಗೆ ಇದ್ದರೂ ಹಂಚಲು, ಮಾರಲು ನಿಮ್ಮದಲ್ಲ.

ಹಾಗಾಗಿ ಈ ಕುಟುಂಬ ಹಂಚಬೇಕಾದದ್ದು ಉಳುಮೆಯ 125 ಗುಂಟೆಯನ್ನು. ಮೂರರಿಂದ ಭಾಗಿಸಿದರೆ ತಲೆಗೆ 41 ಗುಂಟೆ, ಮೇಲೆ ಎರಡು ಗುಂಟೆ ಮಿಕ್ಕಿತು. ಎರಡು ಗುಂಟೆ ಎಂದರೆ 32 ಆಣೆ. ಅದು ಮೂರು ಪಾಲಿಗೆ ಸರಿಯಾಗಿ ಒಡೆಯುವುದಿಲ್ಲ, ಇಬ್ಬರಿಗೆ 11 ಆಣೆ, ಒಬ್ಬರಿಗೆ 10 ಆಣೆ ಆಗುತ್ತದೆ. ಇಬ್ಬರ ಪಾಲು 1-01-11, ಒಬ್ಬರದು 1-01-10. ಒಂದು ಆಣೆ ಯಾರಿಗೆ ಕಡಿಮೆ ಎಂದು ವಿಭಾಗ ಪತ್ರ ಬರೆಯುವ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ಮೂವರಿಗೂ 11 ಆಣೆ ಬರೆದುಬಿಟ್ಟರೆ ಪಾಲುಗಳ ಮೊತ್ತ ಮೂಲ ವಿಸ್ತೀರ್ಣಕ್ಕಿಂತ ಒಂದು ಆಣೆ ಹೆಚ್ಚಾಗಿ ದಾಖಲೆ ತಾಳೆಯಾಗುವುದಿಲ್ಲ. ಚದರ ಅಡಿಯಲ್ಲಿ ನಿಖರವಾದ ಪಾಲು ತಲೆಗೆ 45,375. ಚದರ ಮೀಟರಿನಲ್ಲಿ 4215ರ ಆಸುಪಾಸು.

ಇನ್ನು 'ಅ' ಖರಾಬಿನ ನಾಲ್ಕು ಗುಂಟೆ. ಇದು ಮರೆತುಹೋಗುವ ಜಾಗ. ಕಣವೋ ಬಂಡೆಯೋ ಯಾರ ಭಾಗದ ಕಡೆ ಬಿದ್ದಿದೆಯೋ ಆ ಭಾಗಕ್ಕೇ ಅದು ಸೇರಿಕೊಂಡುಬಿಡುತ್ತದೆ, ಉಳಿದವರಿಗೆ ಹತ್ತು ವರ್ಷದ ನಂತರ ಜಾಗಕ್ಕೆ ಬೆಲೆ ಬಂದಾಗ ನೆನಪಾಗುತ್ತದೆ. ವಿಭಾಗ ಪತ್ರದಲ್ಲಿ ಅದನ್ನೂ ಒಂದು ಸಾಲಿನಲ್ಲಿ ಬರೆಸಿಬಿಡಿ.

ಮಂಗಳೂರಿನ ಕಡೆ ಸೆಂಟ್ಸ್ ಎನ್ನುತ್ತಾರೆ. ಅದಕ್ಕೂ ಗುಂಟೆಗೂ ಏನು ಸಂಬಂಧ?

ದಕ್ಷಿಣ ಕನ್ನಡ, ಉಡುಪಿ ಹಿಂದೆ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿ ಎಕರೆಯನ್ನು 40 ಗುಂಟೆಯ ಬದಲು 100 ಸೆಂಟ್ಸ್ ಮಾಡಿದ್ದರು. ಕೊಡಗಿನಲ್ಲೂ ಸೆಂಟ್ಸೇ. ಒಂದು ಸೆಂಟ್ಸ್ 435.6 ಚದರ ಅಡಿ, ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ.

ಎಚ್ಚರ ಬೇಕಾದದ್ದು ಇಲ್ಲೇ. ಪುತ್ತೂರಿನ ಪಹಣಿಯ 3.10 ಎಂದರೆ ಮೂರು ಎಕರೆ ಹತ್ತು ಸೆಂಟ್ಸ್, ಅಲ್ಲಿ ಚುಕ್ಕೆ ನಿಜವಾಗಿಯೂ ದಶಮಾಂಶವೇ. ಹಾಸನದ 3.10 ಎಂದರೆ ಮೂರೂಕಾಲು ಎಕರೆ. ಅಂಕಿ ಒಂದೇ, ಜಮೀನಿನಲ್ಲಿ ಆರು ಗುಂಟೆಯ ಅಂತರ. ಘಟ್ಟದ ಕೆಳಗಿನವರು ಘಟ್ಟದ ಮೇಲೆ ತೋಟ ಕೊಳ್ಳುವಾಗ, ಮೇಲಿನವರು ಕೆಳಗೆ ಕೊಳ್ಳುವಾಗ ವಿಸ್ತೀರ್ಣದ ತಲೆಬರಹ ನೋಡಿ ಎಕರೆ-ಗುಂಟೆಯೋ ಎಕರೆ-ಸೆಂಟ್ಸೋ ಎಂದು ಖಚಿತ ಮಾಡಿಕೊಳ್ಳಿ. ಉತ್ತರ ಕನ್ನಡ ಕರಾವಳಿಯೇ ಆದರೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ ಗುಂಟೆ-ಆಣೆಯ ಲೆಕ್ಕ.

ಗುಂಟೆಯನ್ನು ಹೆಕ್ಟೇರ್ ಮಾಡುವುದು ಹೇಗೆ? ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾದಲ್ಲಿ ಬರುವ 'ಆರ್' ಗುಂಟೆಯೇ?

ಒಂದು ಹೆಕ್ಟೇರ್ ಎಂದರೆ 98.84 ಗುಂಟೆ, ಸುಮಾರಾಗಿ ಎರಡು ಎಕರೆ 19 ಗುಂಟೆ. ಎಲ್ಲವನ್ನೂ ಗುಂಟೆಗೆ ಇಳಿಸಿ 98.84ರಿಂದ ಭಾಗಿಸಿದರೆ ಹೆಕ್ಟೇರ್ ಬಂತು. ಮೇಲಿನ ಕುಟುಂಬದ 125 ಗುಂಟೆ 1.26 ಹೆಕ್ಟೇರ್‌ಗಿಂತ ಒಂದಿಷ್ಟು ಹೆಚ್ಚು. ಬೆಳೆ ವಿಮೆ, ಸಹಾಯಧನದ ಅರ್ಜಿಗಳಲ್ಲಿ ಹೆಕ್ಟೇರ್ ಕೇಳುವುದರಿಂದ ಈ ಲೆಕ್ಕ ಕೈಯಲ್ಲಿರಬೇಕು.

ಗಡಿಯಾಚೆ ಜಮೀನಿರುವ ಬೆಳಗಾವಿ, ವಿಜಯಪುರದ ಕಡೆಯವರು ಎರಡನೇ ಪ್ರಶ್ನೆ ಕೇಳುತ್ತಾರೆ. ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ವಿಸ್ತೀರ್ಣ ಹೆಕ್ಟೇರ್ ಮತ್ತು ಆರ್‌ನಲ್ಲಿರುತ್ತದೆ. ಒಂದು ಆರ್ ಎಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಗುಂಟೆ ಅದಕ್ಕಿಂತ ಸ್ವಲ್ಪ ದೊಡ್ಡದು. ಆಡುಮಾತಿನಲ್ಲಿ ಎರಡನ್ನೂ ಗುಂಟೆ ಎಂದೇ ಹೇಳುತ್ತಾರೆ, ಐದಾರು ಗುಂಟೆಯ ಮಾತಾದರೆ ಅದರಿಂದ ಹೆಚ್ಚು ಕೆಡುವುದಿಲ್ಲ. ಒಂದು ಹೆಕ್ಟೇರನ್ನು ನೂರು ಗುಂಟೆ ಎಂದು ಹಿಡಿದರೆ ಮಾತ್ರ ಒಂದೂ ಚಿಲ್ಲರೆ ಗುಂಟೆ ಗಾಳಿಯಲ್ಲಿ ಹುಟ್ಟಿಕೊಳ್ಳುತ್ತದೆ, ಕೊಳ್ಳುವವನು ಅದಕ್ಕೂ ದುಡ್ಡು ಕೊಟ್ಟಿರುತ್ತಾನೆ.

30×40 ಸೈಟು ಎಷ್ಟು ಗುಂಟೆ?

1200 ಚದರ ಅಡಿ, ಅಂದರೆ ಒಂದು ಗುಂಟೆಗಿಂತ 111 ಚದರ ಅಡಿ ಹೆಚ್ಚು. ಒಂದು ಗುಂಟೆ ಕೊಂಡವರಿಗೆ 30×40 ಪೂರ್ತಿ ಸಿಗುವುದಿಲ್ಲ. ಎಕರೆಗೆ 36 ಸೈಟು ಎಂಬ ಲೆಕ್ಕ ಕಾಗದದ ಮೇಲೆ ಮಾತ್ರ. ರಸ್ತೆ, ಉದ್ಯಾನಕ್ಕೆ ಬಿಟ್ಟ ಮೇಲೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗುಂಟೆ ಲೆಕ್ಕದಲ್ಲಿ ಪಹಣಿ ಮೇಲೆ ಮಾರುವ ಜಾಗ ಕೃಷಿ ಜಮೀನೇ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆ ಆಗದೆ ಅದು ಮನೆ ನಿವೇಶನ ಆಗುವುದಿಲ್ಲ.

ನಾಲ್ಕೂ ಬದಿ ಬೇರೆ ಬೇರೆ ಅಳತೆ ಇರುವ ಹೊಲವನ್ನು ನಾವೇ ಅಳೆದು ಗುಂಟೆ ಹೇಳಬಹುದೇ?

ಹೇಳಬಹುದು, ಆದರೆ ಊರುಗಳಲ್ಲಿ ನಡೆದುಬಂದ ಸರಾಸರಿ ಲೆಕ್ಕದಿಂದ ಅಲ್ಲ. ಎದುರುಬದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಎರಡು ಸರಾಸರಿಗಳನ್ನು ಗುಣಿಸುವ ಪದ್ಧತಿ ಆಯಕ್ಕೆ ಸರಿ. ಮೂಲೆಗಳು ಓರೆಯಾದಷ್ಟೂ ಅದು ಇಲ್ಲದ ಜಾಗವನ್ನು ತೋರಿಸುತ್ತದೆ. ಯಾವಾಗಲೂ ಹೆಚ್ಚೇ ತೋರಿಸುತ್ತದೆ, ಕಡಿಮೆ ತೋರಿಸುವುದಿಲ್ಲ.

ಬದಿಗಳು ಕ್ರಮವಾಗಿ 93, 148, 74, 136 ಅಡಿ ಇರುವ ಒಂದು ಹೊಲ ಇದೆ ಎನ್ನಿ. 93 ಮತ್ತು 74ರ ಸರಾಸರಿ 83.5, 148 ಮತ್ತು 136ರದು 142. ಗುಣಿಸಿದರೆ 11,857 ಚದರ ಅಡಿ, ಹತ್ತು ಗುಂಟೆ ಹದಿನಾಲ್ಕು ಆಣೆ. ಈಗ ಅದೇ ಹೊಲವನ್ನು ಸರ್ವೇಯರ್ ಮಾಡುವ ಹಾಗೆ ಮಾಡಿ. 93 ಅಡಿಯ ಬದಿ ಶುರುವಾಗುವ ಮೂಲೆಯಿಂದ 148 ಅಡಿಯ ಬದಿ ಮುಗಿಯುವ ಮೂಲೆಗೆ ಹಗ್ಗ ಎಳೆಯಿರಿ. ಹಗ್ಗದ ಉದ್ದ 198 ಅಡಿ ಬಂತು. ಹಗ್ಗದಿಂದ ಒಂದು ಪಕ್ಕದ ಮೂಲೆಗೆ ನೇರ ಅಡ್ಡಳತೆ 66 ಅಡಿ, ಇನ್ನೊಂದು ಪಕ್ಕದ ಮೂಲೆಗೆ 33 ಅಡಿ. ಹಗ್ಗದ ಆಚೀಚೆ ಈಗ ಎರಡು ತ್ರಿಕೋನಗಳಿವೆ. ಉದ್ದವನ್ನು ಅಡ್ಡಳತೆಯಿಂದ ಗುಣಿಸಿ ಅರ್ಧ ಮಾಡಿದರೆ ಒಂದು 6534 ಚದರ ಅಡಿ, ಇನ್ನೊಂದು 3267. ಒಂದು ಸರಿಯಾಗಿ ಆರು ಗುಂಟೆ, ಇನ್ನೊಂದು ಮೂರು. ಹೊಲ ಇರುವುದೇ ಒಂಬತ್ತು ಗುಂಟೆ!

ಅಡ್ಡಳತೆ ಹಗ್ಗಕ್ಕೆ ನೇರ ಮಟ್ಟಮೂಲೆಯಲ್ಲಿರಬೇಕು, ಓರೆಯಾದರೆ ಜಾಗ ಮತ್ತೆ ಉಬ್ಬುತ್ತದೆ. ಹಗ್ಗದ ಮೇಲೆ ಟೇಪನ್ನು ಹಿಂದೆ ಮುಂದೆ ಸರಿಸುತ್ತ ಮೂಲೆಗೆ ಅತಿ ಕಡಿಮೆ ಅಳತೆ ಬರುವ ಜಾಗ ಹುಡುಕಿದರೆ ಅದೇ ಮಟ್ಟಮೂಲೆ. ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಒರಗಿಸದೆ ಮಟ್ಟವಾಗಿ ಎತ್ತಿ ಹಿಡಿಯಿರಿ, ದಾಖಲೆಯ ವಿಸ್ತೀರ್ಣ ಮಟ್ಟಸದ ಅಳತೆಯದು.

ಸರಿಯಾಗಿ ಅಳೆದರೂ ಪಹಣಿಗಿಂತ ಎರಡು ಮೂರು ಗುಂಟೆ ಕಡಿಮೆ ಬರುತ್ತಿದೆ. ಯಾವುದನ್ನು ನಂಬಬೇಕು?

ಪಹಣಿ ಹಕ್ಕಿನ ದಾಖಲೆ, ಅಳತೆಯ ದಾಖಲೆ ಅಲ್ಲ. ವಿಸ್ತೀರ್ಣದ ಮೂಲ ಇರುವುದು ಸರ್ವೆ ಇಲಾಖೆಯ ಆಕಾರಬಂದಿನಲ್ಲಿ, ಗಡಿಯ ಮೂಲ ಟಿಪ್ಪಣಿಯಲ್ಲಿ. ಆಕಾರಬಂದಿನ ಪ್ರತಿ ತೆಗೆಸಿ, ಆ ಸರ್ವೆ ನಂಬರಿನ ಎಲ್ಲ ಹಿಸ್ಸೆಗಳ ಪಹಣಿ ವಿಸ್ತೀರ್ಣವನ್ನು ಗುಂಟೆಗೆ ಇಳಿಸಿ ಕೂಡಿಸಿ. ಪಹಣಿಗಳ ಮೊತ್ತ ಆಕಾರಬಂದಿಗಿಂತ ಹೆಚ್ಚು ಬಂದರೆ ದೋಷ ಕಾಗದದಲ್ಲಿದೆ: ಯಾವುದೋ ಕ್ರಯದಲ್ಲಿ, ವಿಭಾಗದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಬರೆದಿದ್ದಾರೆ. ಖರಾಬನ್ನು ಕಳೆಯದೆ ಹಂಚಿದ್ದು, ಚುಕ್ಕೆಯ ಲೆಕ್ಕ, ಎರಡೂ ಇಲ್ಲಿ ಸಾಮಾನ್ಯ. ಮೊತ್ತ ಸರಿಯಾಗಿದ್ದು ನೆಲದಲ್ಲಿ ಮಾತ್ರ ಕಡಿಮೆ ಇದ್ದರೆ ಬದು ಸರಿದಿದೆ, ಪಕ್ಕದವರ ಕಡೆಗೋ ದಾರಿಗೋ ಜಾಗ ಹೋಗಿದೆ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಹಾಕಬೇಕು. ಸರ್ವೇಯರ್ ಬಂದು, ಪಕ್ಕದ ಹಿಡುವಳಿದಾರರಿಗೂ ನೋಟಿಸು ಕೊಟ್ಟು, ಟಿಪ್ಪಣಿಯ ಪ್ರಕಾರ ಗಡಿ ಗುರುತಿಸುತ್ತಾರೆ.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವಾಗ ನೋಂದಣಿಗೆ ಆ ಭಾಗವನ್ನು ಅಳೆದು ಮಾಡಿದ 11ಇ ನಕ್ಷೆ ಬೇಕಾಗುತ್ತದೆ. ಆ ನಕ್ಷೆಯ ವಿಸ್ತೀರ್ಣ ಕೈಗೆ ಬಂದ ಮೇಲೆ ದರದ ಅಂತಿಮ ಲೆಕ್ಕ ಮಾಡಿ. ಮುಂಗಡದ ಕರಾರಿನಲ್ಲಿ "ಗುಂಟೆಗೆ ಇಷ್ಟು, ಅಳತೆಯಲ್ಲಿ ಬಂದಷ್ಟು ಗುಂಟೆಗೆ" ಎಂದು ಬರೆಸಿಕೊಂಡರೆ, ಅಳತೆಯ ದಿನ ಎರಡು ಗುಂಟೆ ಆಚೀಚೆ ಆದರೂ ಮಾತು ಮುರಿಯುವುದಿಲ್ಲ.